ದಾವೆಯ ಕಿರ್ದಿಯಿಂದ ಖತಾವಣಿ: ಆರ್ಡರ್ ಶೀಟುಗಳಿಂದ ಮುಂದೂಡಿಕೆಗಳ ಪಟ್ಟಿ ಮಾಡುವ ಕ್ರಮ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ವ್ಯಾಪಾರಸ್ಥರಲ್ಲಿ ಒಂದಾದರೂ ಹಳೆಯ ವಸೂಲಿ ದಾವೆ ಇಲ್ಲದವರು ವಿರಳ. ಲೆಕ್ಕಪರಿಶೋಧನೆಯ ಕಾಲಕ್ಕೆ ಸಂಶಯಾಸ್ಪದ ಬಾಕಿಯ ಪಟ್ಟಿ ಮುಂದಿಟ್ಟುಕೊಂಡು, "ಈ ದಾವೆ ಈಗ ಯಾವ ಹಂತದಲ್ಲಿದೆ?" ಎಂದು ಕೇಳುವುದು ನನ್ನ ಕರ್ತವ್ಯ. ಉತ್ತರ ಬಹುತೇಕ ಒಂದೇ ಆಗಿರುತ್ತದೆ: "ನಡದೈತ್ರಿ ಸಾಹೇಬ್ರ, ತಾರೀಖ ಕೊಡಾಕತ್ತಾರ." ಯಾವ ತಾರೀಖು, ಯಾವ ಕೆಲಸಕ್ಕಾಗಿ, ಹಿಂದಿನ ತಾರೀಖು ಯಾರ ಕಾರಣದಿಂದ ವ್ಯರ್ಥವಾಯಿತು ಎಂದು ಕೇಳಿದರೆ ವಕೀಲರ ಕಡೆಗೆ ಬೆರಳು ತೋರಿಸುತ್ತಾರೆ. ನಾಲ್ಕು ಲಕ್ಷ ರೂಪಾಯಿಯ ಸರಕಿಗೆ ದಾಸ್ತಾನು ಪುಸ್ತಕ ಇಡುವವರು ನಾಲ್ಕು ಲಕ್ಷ ರೂಪಾಯಿಯ ದಾವೆಗೆ ಒಂದು ಹಾಳೆಯನ್ನೂ ಇಡುವುದಿಲ್ಲ.

ಆ ಹಾಳೆಯನ್ನು ಹೇಗೆ ಸಿದ್ಧಪಡಿಸಬೇಕೆಂಬುದನ್ನು ನನ್ನ ಕಕ್ಷಿದಾರರೊಬ್ಬರ ಪ್ರಕರಣದ ಮೂಲಕ ಇಲ್ಲಿ ವಿವರಿಸುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪ್ರಕರಣದ ಹಿನ್ನೆಲೆ

ಕಕ್ಷಿದಾರರು ಇಳಕಲ್ಲಿನ ಸೀರೆ ಮತ್ತು ನೂಲಿನ ಸಗಟು ವ್ಯಾಪಾರಿಗಳು. ಬಾದಾಮಿ ಕಡೆಯ ಚಿಲ್ಲರೆ ಅಂಗಡಿಯೊಂದರಿಂದ 4,86,000 ರೂ. ಬಾಕಿ ಬರಬೇಕಾಗಿತ್ತು. 2013ರ ಜೂನ್ ತಿಂಗಳಲ್ಲಿ ಜಿಲ್ಲೆಯ ಒಂದು ನ್ಯಾಯಾಲಯದಲ್ಲಿ ವಸೂಲಿ ದಾವೆ ಹೂಡಿದರು. 2018ರ ಆಗಸ್ಟ್ ತಿಂಗಳಲ್ಲಿ ನಾನು ವಿಚಾರಿಸಿದಾಗ ಐದು ವರ್ಷಗಳು ಕಳೆದಿದ್ದವು. "ನಂದೇನೂ ತಪ್ಪಿಲ್ರಿ, ಎದುರಿನವರ ಎಳದಾಡಾಕತ್ತಾರ" ಎಂಬುದು ಅವರ ದೃಢ ನಂಬಿಕೆಯಾಗಿತ್ತು. ಆರ್ಡರ್ ಶೀಟಿನ ದೃಢೀಕೃತ ನಕಲನ್ನು ತರಿಸಿರೆಂದು ಸೂಚಿಸಿದೆ. ವಕೀಲರು ನಕಲು ವಿಭಾಗಕ್ಕೆ ಅರ್ಜಿ ಕೊಟ್ಟು ತರಿಸಿಕೊಟ್ಟರು. ಅಂಗಡಿಯ ದಿವಾಣಜಿ ಮತ್ತು ನಾನು ಎರಡು ಸಂಜೆ ಕುಳಿತು ಪಟ್ಟಿ ಮಾಡಿದೆವು.

ಆರ್ಡರ್ ಶೀಟು ಎಂದರೆ ಕಿರ್ದಿ

ದಾವೆ ನ್ಯಾಯಾಲಯದ ಮುಂದೆ ಬಂದ ಪ್ರತಿ ದಿನವೂ ಏನು ನಡೆಯಿತೆಂಬುದನ್ನು ಆರ್ಡರ್ ಶೀಟಿನಲ್ಲಿ ದಾಖಲಿಸುತ್ತಾರೆ. ಯಾರು ಹಾಜರಿದ್ದರು, ಯಾವ ಅರ್ಜಿ ಬಂತು, ಏನು ಆದೇಶವಾಯಿತು ಎಂಬುದು ಮೊದಲು ಬರುತ್ತದೆ. ಕೊನೆಯಲ್ಲಿ ಮುಂದಿನ ತಾರೀಖು ಮತ್ತು ಅದರ ಉದ್ದೇಶ ಇರುತ್ತದೆ. ಇದು ನಮ್ಮ ರೋಜು ಕಿರ್ದಿ ಇದ್ದಂತೆ. ಘಟನೆಗಳು ನಡೆದ ಕ್ರಮದಲ್ಲಿ ಇರುತ್ತವೆ, ಆದರೆ ಯಾರ ಖಾತೆಗೆ ಎಷ್ಟು ಎಂಬುದು ಕಿರ್ದಿಯಿಂದ ತಿಳಿಯುವುದಿಲ್ಲ. ಅದಕ್ಕೆ ಖತಾವಣಿ ಆಗಬೇಕು. ನಾವು ಮಾಡಬೇಕಾದ ಪಟ್ಟಿಯು ಆ ಖತಾವಣಿಯೇ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ ಸಿ.ಎನ್.ಆರ್. ಸಂಖ್ಯೆ ಕೊಟ್ಟರೆ Case History ಎಂಬ ಕೋಷ್ಟಕ ದೊರೆಯುತ್ತದೆ. ಅದರಲ್ಲಿ Business on Date, Hearing Date, Purpose of Hearing ಎಂಬ ಕಲಮುಗಳಿವೆ. ಮೊದಲನೆಯ ತಾರೀಖನ್ನು ಒತ್ತಿದರೆ ಆ ದಿನದ ನಡಾವಳಿ ತೆರೆಯುತ್ತದೆ. ಪಟ್ಟಿಯನ್ನು ಚಾಲ್ತಿಯಲ್ಲಿಡಲು ಇದು ಬಹಳ ಅನುಕೂಲ. ಆದರೆ ಹಳೆಯ ದಾವೆಗೆ ಇದೊಂದೇ ಸಾಲದು. ಗಣಕೀಕರಣಕ್ಕೆ ಮುಂಚಿನ ನಮೂದುಗಳು ಅಲ್ಲಿ ಇಲ್ಲದಿರಬಹುದು, ಕೆಲವು ದಿನಗಳ ನಡಾವಳಿ ಒಂದೇ ಪದದಲ್ಲಿ ಮುಗಿದಿರಬಹುದು. ಕಡತವು ಒಂದು ನ್ಯಾಯಾಲಯದಿಂದ ಮತ್ತೊಂದಕ್ಕೆ ವರ್ಗವಾಗಿದ್ದರೆ ದಾವೆಯ ಸಂಖ್ಯೆಯೂ ಬದಲಾಗಿರುತ್ತದೆ. ಆಗ ಹೊಸ ಸಂಖ್ಯೆಯಲ್ಲಿ ಹುಡುಕಿದವರಿಗೆ ಅರ್ಧ ಚರಿತ್ರೆ ಮಾತ್ರ ಸಿಗುತ್ತದೆ. ಆದ್ದರಿಂದ ಆರಂಭದ ಪಟ್ಟಿಗೆ ದೃಢೀಕೃತ ನಕಲನ್ನೇ ಆಧಾರವಾಗಿಟ್ಟುಕೊಳ್ಳುವುದು ಲೇಸು.

ಒಂಬತ್ತು ಕಲಮುಗಳು

ಎಕ್ಸೆಲ್ ಹಾಳೆಯಲ್ಲಿ ಪ್ರತಿ ತಾರೀಖಿಗೆ ಒಂದೇ ಸಾಲು. ಕಲಮುಗಳು ಹೀಗಿರಲಿ:

A – ಕ್ರಮ ಸಂಖ್ಯೆ
B – ಆ ದಿನದ ತಾರೀಖು
C – ಆ ದಿನಕ್ಕೆ ಗೊತ್ತಾಗಿದ್ದ ಉದ್ದೇಶ
D – ನಿಜವಾಗಿ ನಡೆದದ್ದು, ಒಂದು ವಾಕ್ಯದಲ್ಲಿ
E – ಕಾರಣದ ಸಂಕೇತ
F – ಮುಂದಿನ ತಾರೀಖು
G – ಮುಂದಿನ ಉದ್ದೇಶ
H – ವಿಧಿಸಿದ ಖರ್ಚು ಮತ್ತು ಅದನ್ನು ತುಂಬಿದ ದಿನ
I – ಹಂತ

ಇವುಗಳಲ್ಲಿ C ಮತ್ತು D ಬೇರೆ ಬೇರೆಯಾಗಿರುವುದು ಮುಖ್ಯ. "ಪಾಟೀ ಸವಾಲಿಗಾಗಿ" ಎಂದು ಗೊತ್ತಾದ ದಿನ ಪಾಟೀ ಸವಾಲು ನಡೆಯಿತೆಂದು ಊಹಿಸಬಾರದು.

E ಕಲಮಿನಲ್ಲಿ ಆರು ಸಂಕೇತಗಳು ಸಾಕು. W ಎಂದರೆ ಅಂದು ಗೊತ್ತಾದ ಕೆಲಸ ನಡೆಯಿತು. P ವಾದಿಯ ಕಾರಣ, D ಪ್ರತಿವಾದಿಯ ಕಾರಣ. S ಎಂದರೆ ಸಮನ್ಸ್ ಅಥವಾ ನೋಟೀಸು ಜಾರಿಯಾಗಿ ಮರಳಿ ಬಂದಿಲ್ಲ. C ಎಂದರೆ ನ್ಯಾಯಾಧೀಶರು ರಜೆಯಲ್ಲಿದ್ದರು, ಹುದ್ದೆ ಖಾಲಿ ಇತ್ತು ಅಥವಾ ನ್ಯಾಯಾಲಯಕ್ಕೆ ಸಮಯ ಸಾಲಲಿಲ್ಲ. O ಎಂದರೆ ವಕೀಲರ ಕಲಾಪ ಬಹಿಷ್ಕಾರ, ಅನಿರೀಕ್ಷಿತ ರಜೆ, ಉಭಯ ಪಕ್ಷದವರು ಕೂಡಿ ಕೇಳಿದ ರಾಜಿಯ ಸಮಯ ಮುಂತಾದವು.

ಸಂಕೇತ ಹಾಕುವಾಗ ಎರಡು ಕಡೆ ತಪ್ಪಾಗುತ್ತದೆ. ಮೊದಲನೆಯದು ಸಮನ್ಸಿನ ವಿಷಯ. ಸಮನ್ಸ್ ಹೋಗಿ, ಜಾರಿಯ ವರದಿ ಬರಬೇಕಾಗಿದ್ದರೆ ಅದು S. ಆದರೆ "ಪಿ.ಎಫ್. ನಾಟ್ ಪೇಡ್" ಅಥವಾ "ಸ್ಟೆಪ್ಸ್ ನಾಟ್ ಟೇಕನ್" ಎಂದು ಬರೆದಿದ್ದರೆ, ವಾದಿಯು ಪ್ರೊಸೆಸ್ ಶುಲ್ಕ ತುಂಬಿಲ್ಲ ಅಥವಾ ವಿಳಾಸ ಒದಗಿಸಿಲ್ಲ ಎಂದರ್ಥ. ಅದು P. ಎರಡನೆಯದು, ಕಾರಣ ಬರೆಯದೆ ಕೇವಲ ಮುಂದಿನ ತಾರೀಖು ಇರುವ ಸಾಲು. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಕೀಲರ ಡೈರಿ ನೋಡಿದ ನಂತರವೇ ಸಂಕೇತ ಹಾಕತಕ್ಕದ್ದು. ನಮ್ಮ ಸಿಟ್ಟನ್ನು ಆಧಾರವಾಗಿಟ್ಟುಕೊಂಡು D ಹಾಕಬಾರದು.

ಆಖೈರು ಶಿಲ್ಕು, ಆರಂಭದ ಶಿಲ್ಕು

ನಗದು ಪುಸ್ತಕದಲ್ಲಿ ನಿನ್ನೆಯ ಆಖೈರು ಶಿಲ್ಕು ಇಂದಿನ ಆರಂಭದ ಶಿಲ್ಕಾಗಿರಲೇಬೇಕು. ಈ ಪಟ್ಟಿಗೂ ಅದೇ ನಿಯಮ. ಒಂದು ಸಾಲಿನ F ಮತ್ತು G ಮುಂದಿನ ಸಾಲಿನ B ಮತ್ತು C ಆಗಿರಬೇಕು. ಮೂರನೆಯ ಸಾಲಿನ ಎದುರು J, K ಕಲಮುಗಳಲ್ಲಿ ಕೆಳಗಿನ ಸೂತ್ರಗಳನ್ನು ಹಾಕಿ ಕೆಳಕ್ಕೆ ಎಳೆದರೆ ತಾಳೆಯಾಗದ ಸಾಲುಗಳು ತಾವಾಗಿಯೇ ಎದ್ದು ಕಾಣುತ್ತವೆ.

```
=IF(B3=F2,"OK","CHECK")
=IF(C3=G2,"OK","CHECK")
```

ಎಲ್ಲ ತಾರೀಖುಗಳನ್ನು ಒಂದೇ ನಮೂನೆಯಲ್ಲಿ, ಉದ್ದೇಶಗಳನ್ನು ಒಂದೇ ಪದಗಳಲ್ಲಿ ಬರೆಯಬೇಕು. ಇಲ್ಲವಾದರೆ ಸರಿಯಾದ ಸಾಲೂ CHECK ಎನ್ನುತ್ತದೆ.

ನಮ್ಮ ಪಟ್ಟಿಯ ನಾಲ್ಕು ಸಾಲುಗಳನ್ನು ನೋಡಿ. 9-2-2017ರಂದು ವಾದಿಯ ಮೊದಲನೆಯ ಸಾಕ್ಷಿಯಾಗಿ ನಮ್ಮ ಕಕ್ಷಿದಾರರೇ ಪ್ರಮಾಣಪತ್ರ ಸಲ್ಲಿಸಿದರು, ದಾಖಲೆಗಳು ಗುರುತಾದವು. ಸಂಕೇತ W, ಮುಂದಿನ ತಾರೀಖು 9-3-2017, ಉದ್ದೇಶ ಪಾಟೀ ಸವಾಲು. ಆ ದಿನ ಪ್ರತಿವಾದಿಯ ವಕೀಲರು ಸಮಯ ಕೇಳಿದರು. ಸಂಕೇತ D, ಮುಂದಿನ ತಾರೀಖು 6-4-2017. ಅಂದು ನ್ಯಾಯಾಧೀಶರು ರಜೆಯಲ್ಲಿದ್ದರು. ಸಂಕೇತ C, ಬೇಸಿಗೆ ರಜೆ ಕಳೆದು 8-6-2017. ಅಂದು ಪುನಃ ಪ್ರತಿವಾದಿಯ ಕಡೆಯಿಂದ ಯಾರೂ ಸಿದ್ಧರಿರಲಿಲ್ಲ. 300 ರೂ. ಖರ್ಚಿನೊಂದಿಗೆ ಸಂಕೇತ D, ಮುಂದಿನ ತಾರೀಖು 6-7-2017.

ಆದರೆ ನಮ್ಮ ಕೈಯಲ್ಲಿದ್ದ ಮುಂದಿನ ನಮೂದು 20-7-2017ರದು. ಸೂತ್ರವು CHECK ಎಂದಿತು. "ಇಲ್ಲೊಂದು ಹಾಳಿ ಬಿಟ್ಟೈತ್ರಿ" ಎಂದು ದಿವಾಣಜಿ ಥಟ್ಟನೆ ಹೇಳಿದರು. ವಕೀಲರ ಮೂಲಕ ಪರಿಶೀಲಿಸಿದಾಗ ನಕಲು ತೆಗೆಯುವಾಗ ಒಂದು ಹಾಳೆಯ ಹಿಂಬದಿ ಬಿಟ್ಟುಹೋಗಿದ್ದುದು ತಿಳಿಯಿತು. 6-7-2017ರಂದು ಪಾಟೀ ಸವಾಲು ಆರಂಭವಾಗಿ ಭಾಗಶಃ ನಡೆದಿತ್ತು! ಆ ಹಾಳೆಯನ್ನು ಗಮನಿಸದೆ, ಪ್ರತಿವಾದಿ ಅಲ್ಲಿಯವರೆಗೆ ಪಾಟೀ ಸವಾಲನ್ನೇ ಮಾಡಲಿಲ್ಲವೆಂದು ನ್ಯಾಯಾಲಯಕ್ಕೆ ಬರೆದುಕೊಟ್ಟಿದ್ದರೆ ನಮ್ಮ ಇಡೀ ಪಟ್ಟಿಯ ವಿಶ್ವಾಸಾರ್ಹತೆ ಹೋಗುತ್ತಿತ್ತು.

ತಾರೀಖು ತಾಳೆಯಾಗದಿರಲು ಬೇರೆ ಕಾರಣಗಳೂ ಇವೆ. ಯಾರಾದರೂ ಅರ್ಜಿ ಕೊಟ್ಟು ದಾವೆಯನ್ನು ಮುಂಚಿತವಾಗಿ ತೆಗೆಸಿರಬಹುದು, ಅಥವಾ ಗೊತ್ತಾದ ದಿನ ರಜೆ ಘೋಷಣೆಯಾಗಿರಬಹುದು. ತಾರೀಖು ತಾಳೆಯಾಗಿ ಉದ್ದೇಶ ಮಾತ್ರ ಬೇರೆಯಾಗಿದ್ದರೆ ನಡುವೆ ಮಧ್ಯಂತರ ಅರ್ಜಿಯೊಂದು ಬಂದಿದೆ ಎಂದು ತಿಳಿಯಬೇಕು. ಆ ಅರ್ಜಿಯ ಸಂಖ್ಯೆ, ಸಲ್ಲಿಸಿದವರು, ಅದು ಇತ್ಯರ್ಥವಾದ ದಿನ ಇವನ್ನು D ಕಲಮಿನಲ್ಲಿ ಬರೆದಿಡಬೇಕು. ದಾವೆ ಮುಖ್ಯ ದಾರಿ ಬಿಟ್ಟು ಪಕ್ಕದ ದಾರಿಯಲ್ಲಿ ಎಷ್ಟು ಕಾಲ ನಿಂತಿತ್ತೆಂಬುದು ಅದರಿಂದ ತಿಳಿಯುತ್ತದೆ.

ಪಟ್ಟಿ ಹೇಳಿದ್ದು

ಒಟ್ಟು 74 ತಾರೀಖುಗಳು ಬಂದವು. ಅವುಗಳಲ್ಲಿ ಗೊತ್ತಾದ ಕೆಲಸ ನಡೆದದ್ದು 12 ದಿನ. ಪ್ರತಿವಾದಿಯ ಕಾರಣಕ್ಕೆ ಹೋದದ್ದು 21, ನ್ಯಾಯಾಲಯದ ಕಾರಣಕ್ಕೆ 15, ಸಮನ್ಸಿನ ಕಾರಣಕ್ಕೆ 7, ಹೊರಗಿನ ಕಾರಣಕ್ಕೆ 5. ಉಳಿದ 14 ತಾರೀಖುಗಳು ನಮ್ಮ ಕಕ್ಷಿದಾರರವೇ. ಆರು ಸಲ ಪ್ರೊಸೆಸ್ ಶುಲ್ಕ ತುಂಬಿರಲಿಲ್ಲ, ಮೂರು ಸಲ ಅವರ ವಕೀಲರು ಸಮಯ ಕೇಳಿದ್ದರು, ಐದು ಸಲ ಅವರ ಸಾಕ್ಷಿ ಗೈರುಹಾಜರಾಗಿದ್ದರು.

ಅದಕ್ಕಿಂತ ಗಂಭೀರವಾದದ್ದು ಪಟ್ಟಿಯ ಕೊನೆಯ ಮೂರು ಸಾಲುಗಳಲ್ಲಿತ್ತು. ಕಕ್ಷಿದಾರರ ಪಾಟೀ ಸವಾಲು ಮುಗಿದು, ದಾವೆಯು ವಾದಿಯ ಎರಡನೆಯ ಸಾಕ್ಷಿಗಾಗಿ ಕಾದಿತ್ತು. ಆ ಸಾಕ್ಷಿ ಬೇರೆ ಯಾರೂ ಅಲ್ಲ, ಸರಕು ಕೊಟ್ಟ ಚಲನ್ ಪುಸ್ತಕ ಬರೆದ ಇದೇ ದಿವಾಣಜಿ. 21-6-2018ರಂದು ಸಾಕ್ಷಿ ಗೈರು. 19-7-2018ರಂದು ಸಾಕ್ಷಿ ಗೈರು, 200 ರೂ. ಖರ್ಚು. 9-8-2018ರಂದು ಸಾಕ್ಷಿ ಗೈರು, ಮುಂದಿನ ತಾರೀಖು 6-9-2018, ಉದ್ದೇಶ: "ವಾದಿಯ ಸಾಕ್ಷ್ಯ, ಕೊನೆಯ ಅವಕಾಶ."

ದಿವಾಣಜಿ ಆ ಸಾಲನ್ನು ಎರಡು ಸಲ ಓದಿದರು. "ನನಗ ಯಾರೂ ಹೇಳೇ ಇಲ್ಲಲ್ರಿ" ಎಂದರು. ವಕೀಲರು ಮಾಲೀಕರಿಗೆ ಫೋನಿನಲ್ಲಿ ತಿಳಿಸಿದ್ದರು. "ಸಾಕ್ಷಿ ಕರಕೊಂಡು ಬರ್ರಿ" ಎಂಬುದನ್ನು ಮಾಲೀಕರು ಎಂದಿನ ತಾರೀಖಿನ ಮಾತೆಂದು ಭಾವಿಸಿ ಮರೆತಿದ್ದರು. ಸೆಪ್ಟೆಂಬರ್ ಮೊದಲ ವಾರ ನೂಲಿನ ಖರೀದಿಗೆ ದಿವಾಣಜಿಯನ್ನೂ ಕರೆದುಕೊಂಡು ಸೂರತ್ತಿಗೆ ಹೋಗಲು ರೈಲಿನ ಟಿಕೀಟೂ ಆಗಿತ್ತು. ಎದುರಿನವರು ಎಳೆಯುತ್ತಿದ್ದಾರೆಂದು ಐದು ವರ್ಷ ನಂಬಿದ್ದ ದಾವೆ, ಆ ಹೊತ್ತಿಗೆ ನಿಂತಿದ್ದುದು ನಮ್ಮದೇ ಬಾಗಿಲಲ್ಲಿ.

ಕಾನೂನಿನ ಲೆಕ್ಕ

"ಕೊನೆಯ ಅವಕಾಶ" ಎಂಬ ಮಾತನ್ನು ಹಗುರವಾಗಿ ನೋಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ 1ನೇ ನಿಯಮಕ್ಕೆ 1999ರಲ್ಲಿ ಮಾಡಿದ ತಿದ್ದುಪಡಿಯು 1-7-2002ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದಾವೆಯ ವಿಚಾರಣೆಯ ಕಾಲದಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡುವಂತಿಲ್ಲ. ವಕೀಲರು ಬೇರೆ ನ್ಯಾಯಾಲಯದಲ್ಲಿ ಇದ್ದಾರೆಂಬುದು ಮುಂದೂಡಿಕೆಗೆ ಕಾರಣವಾಗುವುದಿಲ್ಲ. ಪ್ರತಿ ಮುಂದೂಡಿಕೆಗೆ ಖರ್ಚಿನ ಆದೇಶ ಮಾಡಬೇಕು. ಸೇಲಂ ಅಡ್ವೊಕೇಟ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪಕ್ಷಗಾರನ ಕೈಮೀರಿದ ಸಂದರ್ಭದಲ್ಲಿ ಮೂರರ ಮಿತಿ ದಾಟಿಯೂ ಸಮಯ ಕೊಡಬಹುದೆಂದು ಸಹ ಅದು ಸ್ಪಷ್ಟಪಡಿಸಿತು. ಆದ್ದರಿಂದ ನಾಲ್ಕನೆಯ ಮುಂದೂಡಿಕೆಯಾದ ಕೂಡಲೇ ಎದುರಾಳಿಯ ಹಕ್ಕು ಮುಗಿಯಿತೆಂದು ತಿಳಿಯಬಾರದು.

ಅದರ ಇನ್ನೊಂದು ಮಗ್ಗುಲನ್ನು 2011ರ ಶಿವ್ ಕಾಟೆಕ್ಸ್ ಪ್ರಕರಣ ತೋರಿಸುತ್ತದೆ. ಸಾಕ್ಷ್ಯ ಒದಗಿಸಲು ವಾದಿಗೆ ಮೂರು ಅವಕಾಶ ಸಿಕ್ಕಿದ್ದವು, ವಾದಿ ಒದಗಿಸಲಿಲ್ಲ, ದಾವೆ ವಜಾ ಆಯಿತು. ಉಚ್ಚ ನ್ಯಾಯಾಲಯವು ಮತ್ತೊಮ್ಮೆ ಅವಕಾಶ ಕೊಟ್ಟಿತ್ತು. ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿ ವಜಾ ಆದೇಶವನ್ನೇ ಉಳಿಸಿತು. ನಮ್ಮ ಕಕ್ಷಿದಾರರೂ ಅದೇ ಮೂರು ಮೆಟ್ಟಿಲು ಇಳಿದಿದ್ದರು.

ಖರ್ಚಿನ ಕಲಮು ಏಕೆ ಬೇಕೆಂಬುದು ಸಂಹಿತೆಯ 35-ಬಿ ಕಲಮಿನಿಂದ ತಿಳಿಯುತ್ತದೆ. ಮುಂದೂಡಿಕೆಗಾಗಿ ಈ ಕಲಮಿನಡಿ ವಿಧಿಸಿದ ಖರ್ಚನ್ನು ಮುಂದಿನ ತಾರೀಖಿನಂದು ತುಂಬುವುದು, ವಾದಿಯಾದರೆ ದಾವೆಯನ್ನು, ಪ್ರತಿವಾದಿಯಾದರೆ ಪ್ರತಿವಾದವನ್ನು ಮುಂದುವರಿಸಲು ಪೂರ್ವಭಾವಿ ಷರತ್ತು. ನಮ್ಮ ಪಟ್ಟಿಯಲ್ಲಿ ಪ್ರತಿವಾದಿಯ ಮೇಲೆ ಮೂರು ಸಲಕ್ಕೆ ಒಟ್ಟು 1,300 ರೂ. ಬಿದ್ದಿತ್ತು, ಒಂದು ಪೈಸೆಯೂ ಬಂದಿರಲಿಲ್ಲ, ನಮ್ಮವರು ಕೇಳಿಯೂ ಇರಲಿಲ್ಲ. ಹಾಗೆಯೇ ನಮ್ಮ ಮೇಲಿನ 200 ರೂ. ಸಹ ತುಂಬದೆ ಉಳಿದಿತ್ತು.

ಮೂರರ ಮಿತಿಯು ವಿಚಾರಣೆಯ ಹಂತಕ್ಕೆ ಅನ್ವಯಿಸುವುದರಿಂದ 74 ತಾರೀಖುಗಳನ್ನೂ ಕೂಡಿಸಿ ಹೇಳುವುದು ಸರಿಯಲ್ಲ. ವಿವಾದಾಂಶಗಳು ರಚನೆಯಾದ ನಂತರದ ಸಾಲುಗಳಿಗೆ I ಕಲಮಿನಲ್ಲಿ H ಎಂದು ಹಾಕಿ, ಅವುಗಳನ್ನಷ್ಟೇ ಎಣಿಸಿದೆವು.

```
=COUNTIFS(E:E,"D",I:I,"H")
=COUNTIFS(E:E,"P",I:I,"H")
```

ಪ್ರತಿವಾದಿಯದು 16, ನಮ್ಮದು 8 ಬಂದಿತು. ಇಬ್ಬರೂ ಮಿತಿ ದಾಟಿದವರೇ. ಹೀಗಿರುವಾಗ ಎದುರಿನವರ ಮೇಲೆ ದೂರು ಕೊಡುವ ಮೊದಲು ನಮ್ಮ ಮನೆಯನ್ನು ನೆಟ್ಟಗೆ ಮಾಡಿಕೊಳ್ಳುವುದು ಅವಶ್ಯವೆಂದು ವಕೀಲರೂ ಅಭಿಪ್ರಾಯಪಟ್ಟರು.

ಮುಂದೆ ನಡೆದದ್ದು

ಸೂರತ್ತಿನ ಟಿಕೀಟು ರದ್ದಾಯಿತು. 6-9-2018ರ ಬೆಳಿಗ್ಗೆ 200 ರೂ. ತುಂಬಲಾಯಿತು. ದಿವಾಣಜಿ ಚಲನ್ ಪುಸ್ತಕದೊಂದಿಗೆ ಹಾಜರಾಗಿ ಪ್ರಮಾಣಪತ್ರ ಸಲ್ಲಿಸಿದರು. ಪ್ರತಿವಾದಿಯ ವಕೀಲರು ಪಾಟೀ ಸವಾಲಿಗೆ ಎಂದಿನಂತೆ ಸಮಯ ಕೇಳಿದರು. ಆಗ ನಮ್ಮ ವಕೀಲರು ಎರಡು ಪುಟದ ಮೆಮೊ ಸಲ್ಲಿಸಿದರು. ಅದರಲ್ಲಿ ವಿಚಾರಣೆಯ ಹಂತದ ಮುಂದೂಡಿಕೆಗಳ ತಾರೀಖು, ಆರ್ಡರ್ ಶೀಟಿನಲ್ಲಿದ್ದ ಕಾರಣ, ತುಂಬದ ಖರ್ಚು ಇಷ್ಟೇ ಇತ್ತು. ನಮ್ಮ ಎಂಟು ಮುಂದೂಡಿಕೆಗಳನ್ನೂ ಮುಚ್ಚಿಡದೆ ಸೇರಿಸಲಾಗಿತ್ತು. ಯಾರ ಮೇಲೂ ಒಂದು ವಿಶೇಷಣವಿರಲಿಲ್ಲ. ನ್ಯಾಯಾಲಯವು ಹಿಂದಿನ ಖರ್ಚು ತುಂಬುವ ಷರತ್ತಿನ ಮೇಲೆ ಒಂದು ವಾರದ ಸಮಯ ಕೊಟ್ಟಿತು. ಪ್ರತಿವಾದಿ 1,300 ರೂ. ತುಂಬಿ ಪಾಟೀ ಸವಾಲು ಮುಗಿಸಿದರು.

2020ರ ಫೆಬ್ರುವರಿಯಲ್ಲಿ ದಾವೆ ಡಿಕ್ರಿಯಾಯಿತು. ಪಟ್ಟಿಯಿಂದ ದಾವೆ ಗೆದ್ದೆವೆಂದು ನಾನು ಹೇಳುವುದಿಲ್ಲ. ಗೆದ್ದದ್ದು ಚಲನ್ ಪುಸ್ತಕದಿಂದ. ಆದರೆ ಆ ಪುಸ್ತಕವು ನ್ಯಾಯಾಲಯದ ಮುಂದೆ ಬಂದದ್ದು ಪಟ್ಟಿಯ ಕೊನೆಯ ಸಾಲಿನಿಂದ. ಡಿಕ್ರಿಯಾದ ಮುಂದಿನ ತಿಂಗಳೇ ಕೋವಿಡ್ ಕಾರಣದಿಂದ ನ್ಯಾಯಾಲಯಗಳ ದೈನಂದಿನ ಕಲಾಪ ನಿಂತಿತು. ಅಮಲ್ಜಾರಿ ಅರ್ಜಿಯನ್ನು ನಂತರ ಸಲ್ಲಿಸಿದರು. ಅದಕ್ಕೆ ಪ್ರತ್ಯೇಕ ಸಂಖ್ಯೆ, ಪ್ರತ್ಯೇಕ ಆರ್ಡರ್ ಶೀಟು. ಹೀಗಾಗಿ ಪಟ್ಟಿಯನ್ನೂ ಹೊಸದಾಗಿ ಆರಂಭಿಸಬೇಕಾಯಿತು.

ಚಾಲ್ತಿಯಲ್ಲಿಡುವ ಕ್ರಮ

ಹಳೆಯ ಪಟ್ಟಿ ಮಾಡುವುದು ಒಮ್ಮೆಯ ಶ್ರಮ. ನಂತರ ತಾರೀಖಿಗೆ ಒಂದು ಸಾಲು ಮಾತ್ರ. ತಾರೀಖಿನ ಸಂಜೆ ವಕೀಲರ ಕಚೇರಿಯಿಂದ ಕೇಳಿ ಬರೆಯಬೇಕು. ಎರಡು ಮೂರು ದಿನಗಳ ನಂತರ ಇ-ಕೋರ್ಟ್ಸ್‌ನಲ್ಲಿ ಆ ದಿನದ ನಡಾವಳಿ ತೆರೆದು ತಾಳೆ ನೋಡಬೇಕು. Case History ಕೋಷ್ಟಕದಲ್ಲಿ ಕಾಣುವ ಉದ್ದೇಶವು ಅಂದಿನ ತಾರೀಖಿನದೋ ಮುಂದಿನದೋ ಎಂಬ ಗೊಂದಲ ಸಾಮಾನ್ಯ. ಆದ್ದರಿಂದ ಒಳಗಿನ ನಡಾವಳಿಯಲ್ಲಿ Next Purpose ಎಂದಿರುವುದನ್ನೇ G ಕಲಮಿಗೆ ಹಾಕಬೇಕು. ಎರಡೂ ಭಿನ್ನವಾಗಿ ಕಂಡರೆ ಜಾಲತಾಣವನ್ನು ನಂಬಿ ಕೂಡದೆ ವಕೀಲರಿಂದ ಮೂಲ ಆರ್ಡರ್ ಶೀಟನ್ನು ನೋಡಿಸಬೇಕು.

G ಕಲಮಿನಲ್ಲಿರುವ ಉದ್ದೇಶವನ್ನು ಓದಿ, ಅಂದು ಅಂಗಡಿಯಿಂದ ಯಾರು ಹೋಗಬೇಕು, ಯಾವ ಪುಸ್ತಕ ಒಯ್ಯಬೇಕು, ಎಷ್ಟು ಹಣ ತುಂಬಬೇಕು ಎಂಬುದನ್ನು ಅದೇ ದಿನ ನಿರ್ಧರಿಸಬೇಕು. "ಸಮನ್ಸ್" ಎಂದಿದ್ದರೆ ಪ್ರೊಸೆಸ್ ಶುಲ್ಕ ಮತ್ತು ವಿಳಾಸ. "ಆಕ್ಷೇಪಣೆ" ಎಂದಿದ್ದರೆ ವಕೀಲರೊಡನೆ ಕೂತು ಉತ್ತರ. "ವಾದಿಯ ಸಾಕ್ಷ್ಯ" ಎಂದಿದ್ದರೆ ಸಾಕ್ಷಿಯೇ.

ಈ ಪಟ್ಟಿಯ ಮಿತಿಯನ್ನೂ ಹೇಳಬೇಕು. ಇದು ಸಾಕ್ಷ್ಯವಲ್ಲ, ದೃಢೀಕೃತ ನಕಲಿಗೆ ಬದಲಿಯೂ ಅಲ್ಲ. ನ್ಯಾಯಾಲಯಕ್ಕೆ ಏನು ಸಲ್ಲಿಸಬೇಕು, ಯಾವಾಗ ಸಲ್ಲಿಸಬೇಕು ಎಂಬುದು ವಕೀಲರ ವಿವೇಚನೆಗೆ ಬಿಟ್ಟದ್ದು. ಹುದ್ದೆ ಖಾಲಿ ಇದ್ದು ಹೋದ ತಾರೀಖುಗಳನ್ನು ಯಾವ ಪಟ್ಟಿಯೂ ಮರಳಿ ತರಲಾರದು. 1982ರಲ್ಲಿ ಹೂಡಿದ ದಾವೆಯೊಂದರ ಬಗ್ಗೆ ಯಶಪಾಲ್ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 20-10-2023ರಂದು ತೀರ್ಪು ನೀಡುವಾಗ, ಮುಂದೂಡಿಕೆಗಳ ಮೇಲೆ ಹಿಡಿತವಿಡುವಂತೆ ಕೆಳಗಿನ ನ್ಯಾಯಾಲಯಗಳಿಗೆ ನಿರ್ದೇಶನಗಳನ್ನು ಕೊಟ್ಟಿದೆ. ಅವು ನ್ಯಾಯಾಲಯದ ಕಡೆಯ ಕೆಲಸ. ನಮ್ಮ ಕಡೆಯ ಕೆಲಸ, ಆರ್ಡರ್ ಶೀಟಿನ ಕೊನೆಯ ಸಾಲು ಯಾರ ಹೆಸರಿನಲ್ಲಿದೆ ಎಂದು ಪ್ರತಿ ತಾರೀಖಿನ ಸಂಜೆ ನೋಡುವುದು.

ಈಗ ಆ ಅಂಗಡಿಯಲ್ಲಿ ಅಮಲ್ಜಾರಿಯ ಪಟ್ಟಿಯನ್ನು ದಿವಾಣಜಿಯೇ ಬರೆಯುತ್ತಾರೆ. ರೋಜು ಕಿರ್ದಿ ಮುಚ್ಚಿದ ಮೇಲೆ, ಅದೇ ಗಾದಿಯ ಮೇಲೆ ಕುಳಿತು.